ಹಸಿದ ಯೀಸ್ಟು, ಮನೆಯ ಜೋನಿಬೆಲ್ಲ

ಕಾಣದ್ದನ್ನು ಕಂಡವರ ಹಾಗೆ ಹೇಳುವುದು ಪಾಠ ಮಾಡುವವರಿಗೆ ಅಭ್ಯಾಸವಾಗಿಬಿಡುತ್ತದೆ. ನನಗೂ ಆಗಿತ್ತು. ಶಿರಸಿಯ ಒಂದು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಲೇ ತಲೆ ನರೆದವಳು ನಾನು. ಪ್ರತಿವರ್ಷ ಜೀವಕೋಶದ ಪಾಠ ಬಂದಾಗ ಕರಿಹಲಗೆಯ ಮೇಲೆ ಒಂದು ದೊಡ್ಡ ಸುತ್ತು ಬರೆಯುತ್ತಿದ್ದೆ. ಅದು ಯೀಸ್ಟಿನ ಒಂದು ಕೋಶ. ಅದರೊಳಗೆ ಇನ್ನೊಂದು ಸುತ್ತು, ಅದು ರಸದಾನಿ, ಇಂಗ್ಲಿಷಿನ ವ್ಯಾಕ್ಯೂಲ್. ಆಮೇಲೆ ಹಳದಿ ಸೀಮೆಸುಣ್ಣದಲ್ಲಿ ಒಂದು ಅರ್ಧಚಂದ್ರ. ಅದೊಂದು ಪೊರೆ. ಕೋಶಕ್ಕೆ ಆಹಾರ ಸಿಗದೇ ಹೋದಾಗ ಈ ಪೊರೆ ಬೆಳೆಯುತ್ತ ಬೆಳೆಯುತ್ತ ಕೋಶದ ಒಳಗಿನದೇ ಒಂದಿಷ್ಟು ಸಾಮಾನನ್ನು ಸುತ್ತಿಕೊಂಡು ಚೀಲವಾಗುತ್ತದೆ. ಚೀಲ ಹೋಗಿ ರಸದಾನಿಯನ್ನು ಸೇರುತ್ತದೆ. ಅಲ್ಲಿನ ಕಿಣ್ವಗಳು ಒಳಗಿನದನ್ನು ಬಿಡಿಬಿಡಿ ಮಾಡುತ್ತವೆ. ಆ ಬಿಡಿ ತುಣುಕುಗಳಿಂದ ಕೋಶ ತನಗೆ ತುರ್ತಾಗಿ ಬೇಕಾದದ್ದನ್ನು ಹೊಸದಾಗಿ ಕಟ್ಟಿಕೊಳ್ಳುತ್ತದೆ. ಇದಕ್ಕೆ ಆಟೋಫೇಜಿ ಎಂದು ಹೆಸರು. ಕನ್ನಡದಲ್ಲಿ ಕೆಲವರು ಸ್ವಭಕ್ಷಣೆ ಎಂದು ಬರೆಯುತ್ತಾರೆ. ಆ ಮಾತು ಕೇಳಿದರೆ ನನಗೆ ಬಯಲಾಟದ ರಾಕ್ಷಸ ಕಣ್ಣಮುಂದೆ ಬರುತ್ತಾನೆ. ಹಾಗಾಗಿ ನಾನು ಆಟೋಫೇಜಿ ಎಂದೇ ಹೇಳುತ್ತಿದ್ದೆ.

ನನ್ನ ನಿವೃತ್ತಿಯ ವರ್ಷ. ಎಂದಿನಂತೆ ಅರ್ಧಚಂದ್ರ ಬರೆದು, ಕೈಯ ಸುಣ್ಣ ಒರೆಸಿಕೊಂಡು, ‘ಪ್ರಶ್ನೆ ಇದ್ದರೆ ಕೇಳಿ’ ಎಂದೆ. ಹೀಗೆ ಹೇಳಿದರೆ ಯಾರೂ ಕೇಳುವುದಿಲ್ಲ ಎಂಬ ಭರವಸೆ ನನಗೆ ಯಾವತ್ತೂ ಇರುತ್ತಿತ್ತು. ಆವತ್ತು ಹುಲೇಕಲ್ ಕಡೆಯಿಂದ ದಿನಾ ಬಸ್ಸಿನಲ್ಲಿ ಬರುವ ಹುಡುಗಿಯೊಬ್ಬಳು ಎದ್ದು ನಿಂತಳು. ಮಾತು ಕಡಿಮೆ, ಕಣ್ಣು ಜಾಸ್ತಿ, ಅಂಥ ಹುಡುಗಿ.

‘ಮೇಡಂ, ಇದನ್ನ ನೀವು ನೋಡಿದ್ರಾ?’

‘ಯಾವುದನ್ನ?’

‘ಈ ಚೀಲ ರಸದಾನಿ ಒಳಗೆ ಹೋಗಿದ್ದನ್ನ.’

ಹುಡುಗಿ ಕೆಣಕಲು ಕೇಳಿರಲಿಲ್ಲ. ಅವಳಿಗೆ ಉತ್ತರ ನಿಜವಾಗಿ ಬೇಕಿತ್ತು. ನಾನು ‘ಇಲ್ಲ’ ಎಂದೆ. ತರಗತಿಯಲ್ಲಿ ಯಾರೋ ಕಿಸಕ್ಕೆಂದರು. ಗಂಟೆ ಹೊಡೆಯಿತು, ಬಚಾವಾದೆ. ಆದರೆ ಸಿಬ್ಬಂದಿ ಕೋಣೆಗೆ ಬಂದು ಚಹಾ ಕುಡಿಯುವಾಗಲೂ ಆ ಪ್ರಶ್ನೆ ಹಲ್ಲಿಗೆ ಸಿಕ್ಕ ಅಡಿಕೆ ಚೂರಿನಂತೆ ಕಾಡುತ್ತಿತ್ತು. ಇಷ್ಟು ವರ್ಷ ಬರೆದ ಅರ್ಧಚಂದ್ರವನ್ನು ಒಂದು ಸಲವೂ ಕಣ್ಣಾರೆ ನೋಡದೆ ಮನೆಗೆ ಹೋಗಿಬಿಡುತ್ತೇನಲ್ಲ ಎಂದು ಬೇಜಾರಾಯಿತು. ನೋಡಿಯೇ ಹೋಗಬೇಕು ಎಂದು ಹಟ ಹುಟ್ಟಿತು. ನನ್ನ ಹಟ ಗೊತ್ತಿದ್ದವರು ಅದಕ್ಕೆ ಅಡ್ಡ ಬರುವುದಿಲ್ಲ.

ಅರ್ಧಚಂದ್ರ ತೀರಾ ಸಣ್ಣದು, ನಮ್ಮ ಕಾಲೇಜಿನ ಯಾವ ಸೂಕ್ಷ್ಮದರ್ಶಕಕ್ಕೂ ಕಾಣುವುದಿಲ್ಲ. ಆದರೆ ಅದರ ಕೊನೆಯ ಫಲ ಕಾಣಬಹುದು. ಚೀಲಕ್ಕೆ ಎರಡು ಪದರ ಇರುತ್ತದೆ. ಹೊರಪದರ ರಸದಾನಿಯ ಗೋಡೆಯೊಂದಿಗೆ ಒಂದಾಗುತ್ತದೆ, ಒಳಪದರ ತನ್ನ ಗಂಟಿನ ಸಮೇತ ರಸದಾನಿಯೊಳಗೆ ಬೀಳುತ್ತದೆ. ಹಾಗೆ ಬಿದ್ದ ಗಂಟುಗಳು ರಸದಾನಿಯ ನೀರಿನಲ್ಲಿ ನಿಂತಲ್ಲಿ ನಿಲ್ಲದೆ ಅಲುಗಾಡುತ್ತಿರುತ್ತವೆಂದು ಓದಿದ್ದೆ. ತೊಡಕು ಒಂದೇ. ಆರೋಗ್ಯವಂತ ಯೀಸ್ಟಿನಲ್ಲಿ ಗಂಟು ಬಿದ್ದ ಸ್ವಲ್ಪ ಹೊತ್ತಿಗೇ ಕಿಣ್ವಗಳು ಅದನ್ನು ಕರಗಿಸಿಬಿಡುತ್ತವೆ. ನೋಡಲು ಏನೂ ಉಳಿಯುವುದಿಲ್ಲ. ಕೆಲಸ ಸರಿಯಾಗಿ ನಡೆಯುತ್ತಿರುವವರೆಗೆ ಅದು ಕಾಣುವುದಿಲ್ಲ. ಕಾಣಬೇಕೆಂದರೆ ಕರಗಿಸುವ ಕಿಣ್ವಗಳ ಕೈ ಕಟ್ಟಬೇಕು. ಅದಕ್ಕೊಂದು ಮದ್ದು ಇದೆ, ಪಿಎಂಎಸ್‌ಎಫ್ ಎಂದು. ಧಾರವಾಡದಲ್ಲಿ ಪ್ರಯೋಗಾಲಯ ನಡೆಸುವ ನನ್ನ ಹಳೆಯ ಗೆಳತಿಗೆ ಫೋನು ಮಾಡಿದೆ. ‘ಈ ವಯಸ್ಸಿನಾಗ ಇದೇನ ಹುಚ್ಚು ನಿನಗ’ ಎಂದು ನಕ್ಕು, ಮಾರನೇ ವಾರ ಬರುವವರ ಕೈಯಲ್ಲಿ ಒಂದು ಪುಟ್ಟ ಬಾಟಲಿಯ ತಳದಲ್ಲಿ ಚಿಟಿಕೆಯಷ್ಟು ಬಿಳಿ ಪುಡಿ ಕಳಿಸಿದಳು. ‘ಎರಡು ಸಲಕ್ಕ ಸಾಕಾಗತದ. ನನ್ನ ಕಡೆ ಇದ್ದದ್ದ ಇಷ್ಟ. ಹೊಸಾದು ತರಿಸಬೇಕಂದ್ರ ನಿನ್ನ ಬೀಳ್ಕೊಡುಗೆ ಮುಗಿದಿರತದ’ ಎಂದಳು.

ಹುಡುಗಿಯ ಯೋಜನಾ ಕೆಲಸಕ್ಕೆ ಇದೇ ವಿಷಯ ಎಂದು ಗೊತ್ತುಮಾಡಿದೆ. ಅವಳ ಮುಖ ಅರಳಿತು. ಪ್ರಯೋಗಾಲಯ ನೋಡಿಕೊಳ್ಳುವ ಸಿದ್ದಾಪುರ ಕಡೆಯವರೊಬ್ಬರು ನಮ್ಮಲ್ಲಿದ್ದರು. ನಾನು ಕೆಲಸಕ್ಕೆ ಸೇರುವ ಮೊದಲೇ ಅಲ್ಲಿ ಗಾಜು ತೊಳೆಯುತ್ತಿದ್ದವರು, ನನ್ನ ಜತೆಗೇ ನಿವೃತ್ತಿಯಾಗುವವರು. ಅವರಿಗೆ ಮದ್ದಿನ ಬಾಟಲಿ ತೋರಿಸಿ, ಇದು ವಿಷ, ಕೈಗವಸು ಇಲ್ಲದೆ ಮುಟ್ಟಬಾರದು, ಮೂಸಿ ನೋಡಬಾರದು ಎಂದು ಎಚ್ಚರಿಸಿದೆ.

‘ನಾ ಎಂತಕ್ಕೆ ಮೂಸ್ತೆ ಮೇಡಮ್ಮೋರೆ. ನಿಮ್ಮ ವಿದ್ಯಾರ್ಥಿಗಳೇ ಎಲ್ಲ ಬಾಟ್ಲಿ ಮೂಸುದು’ ಎಂದರು. ಅದು ನಿಜವೇ.

ಇನ್ನು ಸೂಕ್ಷ್ಮದರ್ಶಕ. ಕೋಶದ ಒಳಗಿನ ನೆರಳು ಬೆಳಕು ಚೆನ್ನಾಗಿ ತೋರಿಸುವ ಒಂದು ಒಳ್ಳೆಯ ಉಪಕರಣ ನಮ್ಮಲ್ಲಿತ್ತು. ಕಾಲೇಜಿನ ತಪಾಸಣೆಗೆ ಮಂಡಳಿಯವರು ಬರುತ್ತಾರೆಂದು ತರಿಸಿದ್ದು. ಅವರು ಬಂದರು, ನೋಡಿದರು, ಹೋದರು. ಆಮೇಲೆ ಅದು ಮದುವೆಯ ಸೀರೆಯ ಹಾಗೆ ಬೀರುವಿನಲ್ಲಿ ಬಟ್ಟೆ ಹೊದ್ದು ಕೂತಿತ್ತು. ಬೀಗದ ಕೈ ಪ್ರಾಂಶುಪಾಲರ ಬಳಿ. ಕೇಳಲು ಹೋದರೆ ‘ಹಾಳಾದ್ರೆ ಯಾರು ಜವಾಬ್ದಾರಿ?’ ಎಂದರು. ‘ಬಳಸದೆ ಬೂಸ್ಟು ಹಿಡಿದರೆ ಯಾರು ಜವಾಬ್ದಾರಿಯೋ ಅವರೇ’ ಎಂದೆ. ನಿವೃತ್ತಿಗೆ ಹತ್ತಿರವಿರುವವರ ಬಾಯಿಗೆ ಬೀಗ ಇರುವುದಿಲ್ಲ. ಬೀಗದ ಕೈ ಕೊಟ್ಟರು.

ಮೊದಲ ಪ್ರಯತ್ನಕ್ಕೆ ಬೇಕರಿಯಿಂದ ಒಣ ಯೀಸ್ಟು ತಂದು ಒಳ್ಳೆಯ ಊಟದಲ್ಲಿ, ಅಂದರೆ ಪೆಪ್ಟೋನು, ಗ್ಲೂಕೋಸು ಎಲ್ಲ ಇರುವ ದ್ರಾವಣದಲ್ಲಿ ಬೆಳೆಸಿದೆವು. ಯೀಸ್ಟು ಉಂಡು ತಿಂದು ಮೊಗ್ಗೊಡೆದು ಮರಿಹಾಕುತ್ತಿತ್ತು. ಅದನ್ನು ಯಂತ್ರದಲ್ಲಿ ಗರಗರ ತಿರುಗಿಸಿ ತಳಕ್ಕೆ ಕೂರಿಸಿ, ಊಟದ ನೀರು ಚೆಲ್ಲಿ, ಶುದ್ಧ ನೀರಲ್ಲಿ ತೊಳೆದು, ಸಾರಜನಕ ಇಲ್ಲದ ದ್ರಾವಣಕ್ಕೆ ಹಾಕಬೇಕು. ಹುಡುಗಿಗೆ ವಿವರಿಸಿದೆ. ಹಸಿವೆಂದರೆ ಪೂರ್ತಿ ಉಪವಾಸ ಅಲ್ಲ. ಲವಣ ಇರಲಿ, ಸಕ್ಕರೆ ಇರಲಿ. ಸಕ್ಕರೆಯಿಂದ ಶಕ್ತಿ ಸಿಗುತ್ತದೆ, ಪ್ರೋಟೀನು ಕಟ್ಟಲು ಆಗುವುದಿಲ್ಲ. ಪ್ರೋಟೀನಿಗೆ ಸಾರಜನಕ ಬೇಕು. ಹೊರಗಿನಿಂದ ಅದು ಬರುವುದಿಲ್ಲ ಎಂದು ಗೊತ್ತಾದ ಮೇಲೆ ಕೋಶ ತನ್ನೊಳಗಿನ ಹಳೆಯ ಪ್ರೋಟೀನುಗಳ ಕಡೆ ನೋಡುತ್ತದೆ. ಹೊಟ್ಟೆ ತುಂಬಿದೆಯೋ ಇಲ್ಲವೋ ಎಂದು ಕಾಯುವ ಒಂದು ಪ್ರೋಟೀನು ಕೋಶದಲ್ಲೇ ಇದೆ. ಊಟ ಇರುವಾಗ ಅದು ಆಟೋಫೇಜಿಯನ್ನು ತಡೆದಿರುತ್ತದೆ, ಊಟ ನಿಂತಾಗ ಕೈ ಬಿಡುತ್ತದೆ.

‘ಅಂದ್ರೆ ಸಕ್ಕರೆ ಕೊಟ್ರೆ ಅಡ್ಡಿಲ್ಲೆ’ ಎಂದು ಅವಳು ತನಗೇ ಹೇಳಿಕೊಂಡಳು. ನಾನು ಹೂಂ ಎಂದೆ.

ಪ್ರಯೋಗದ ದಿನ ಬೆಳಿಗ್ಗೆ ನನಗೆ ಪರೀಕ್ಷೆಯ ಕೊಠಡಿ ಕಾಯುವ ಕೆಲಸ ಬಿತ್ತು. ದ್ರಾವಣ ಮಾಡುವುದನ್ನು ಅವಳಿಗೆ ಬಿಟ್ಟೆ, ಮದ್ದು ಮಾತ್ರ ನಾನೇ ಬಂದು ಹಾಕಿದೆ. ನೀರಿನಲ್ಲಿ ಅದು ಬೇಗ ಸತ್ವ ಕಳೆದುಕೊಳ್ಳುತ್ತದೆ, ಹಾಗಾಗಿ ಆಲ್ಕೋಹಾಲಿನಲ್ಲಿ ಕರಗಿಸಿ, ಕೊನೆ ಗಳಿಗೆಯಲ್ಲಿ ಹಾಕಬೇಕು. ಸೀಸೆಯ ದ್ರಾವಣ ತೆಳು ಚಹಾದ ಬಣ್ಣಕ್ಕಿತ್ತು. ಯೀಸ್ಟಿನ ಬಣ್ಣವಿರಬೇಕೆಂದು ತಿಳಿದು, ನನ್ನ ಗಮನವೆಲ್ಲ ಕೈಗವಸಿನ ಮೇಲೇ ಇದ್ದುದರಿಂದ, ಕೇಳದೆ ಓಡಿದೆ.

ಮಧ್ಯಾಹ್ನ ಊಟವಾದ ಮೇಲೆ ನೋಡಿದೆವು. ಹುಡುಗಿ ಮೊದಲು ಕಣ್ಣಿಟ್ಟಳು. ತಿರುಪು ತಿರುಗಿಸಿದಳು, ಮತ್ತೆ ತಿರುಗಿಸಿದಳು.

‘ಚೀಲ ಇಲ್ಲೆ ಮೇಡಂ.’

ನಾನು ನೋಡಿದೆ. ದುಂಡನೆ ಕೋಶಗಳು, ತಿಳಿಯಾದ ರಸದಾನಿಗಳು. ಒಳಗೆ ಏನೂ ಇಲ್ಲ. ಅಲ್ಲಲ್ಲಿ ಕೋಶದ ಪಕ್ಕದಲ್ಲಿ ಪುಟ್ಟ ಮೊಗ್ಗು. ಮೊಗ್ಗು ಕಂಡದ್ದೇ ನನಗೆ ಸಿಟ್ಟು ಬಂತು. ಹಸಿದ ಯೀಸ್ಟು ಮರಿಹಾಕುವುದನ್ನು ನಿಲ್ಲಿಸುತ್ತದೆ. ಇವು ಇಷ್ಟು ಹೊತ್ತಾದರೂ ಖುಷಿಯಾಗಿ ಮೊಗ್ಗೊಡೆಯುತ್ತಿವೆ.

‘ಇವಕ್ಕೆ ಯಾರೋ ಊಟ ಹಾಕಿದ್ದಾರೆ’ ಎಂದೆ.

ಪ್ರಯೋಗಾಲಯದವರು ‘ನಾ ಅಲ್ಲ’ ಎಂದು ಕೈಯೆತ್ತಿದರು. ಹುಡುಗಿ ಗಾಬರಿಯಿಂದ ನನ್ನ ಮುಖ ನೋಡಿದಳು.

‘ಸಕ್ಕರೆ ಒಂದೇ ಹಾಕಿದ್ದು ಮೇಡಂ. ಬೇರೆ ಎಂತದೂ ಇಲ್ಲೆ.’

‘ಎಂಥ ಸಕ್ಕರೆ?’

‘ಗ್ಲೂಕೋಸ್ ಬಾಟ್ಲಿ ಖಾಲಿ ಆಗಿತ್ತು. ಮನೆ ಜೋನಿಬೆಲ್ಲ ತಂದು ಹಾಕ್ದೆ. ಅಂಗಡಿ ಸಕ್ಕರೆಗಿಂತ ಒಳ್ಳೇದು ಅಲ್ವ. ನಮ್ಮನೆ ಆಲೆಮನೇದು.’

ಜೋನಿಬೆಲ್ಲವೆಂದರೆ ನಮ್ಮ ಕಡೆಯ ನೀರುಬೆಲ್ಲ, ಡಬ್ಬಿಯಲ್ಲಿ ತುಂಬಿಟ್ಟು ವರ್ಷವಿಡೀ ದೋಸೆಗೆ ಹಚ್ಚಿ ತಿನ್ನುವುದು. ಅವಳು ತಂದದ್ದನ್ನು ನಾನೂ ಬೆರಳಿಗೆ ಹಚ್ಚಿ ನೆಕ್ಕಿದೆ. ಬಲು ಚೆನ್ನಾಗಿತ್ತು. ಅದೇ ತೊಂದರೆ. ಕಬ್ಬಿನ ರಸ ಕಾಯಿಸಿ ಗಟ್ಟಿ ಮಾಡಿದ್ದು, ಅದರಲ್ಲಿ ಬರೀ ಸಕ್ಕರೆ ಇಲ್ಲ. ಕಬ್ಬಿನ ಅಮೈನೋ ಆಮ್ಲ, ಪ್ರೋಟೀನು ಎಲ್ಲ ಚೂರುಪಾರು ಇರುತ್ತವೆ. ಅವುಗಳಲ್ಲಿ ಸಾರಜನಕ ಇದೆ. ಅದರ ಮೇಲೆ ಹುಡುಗಿ ಅಳತೆಗೆ ಎರಡು ಪಟ್ಟು ಸುರಿದಿದ್ದಳು.

‘ಎರಡು ಪಟ್ಟು ಎಂತಕ್ಕೆ?’

ತಲೆ ತಗ್ಗಿಸಿ ಹೇಳಿದಳು. ‘ಹಸಿದಿರ್ತ್ವಲ್ಲ ಅಂತ.’

ಬೈಯಬೇಕೆಂದು ಬಾಯಿ ತೆರೆದವಳು ನಕ್ಕುಬಿಟ್ಟೆ. ಅವಳ ಮನೆಯಂಥ ಮನೆಗಳಿಗೆ ನಾನು ಎಷ್ಟೋ ಸಲ ಹೋಗಿದ್ದೇನೆ. ಬಿಸಿಲಿಂದ ಬಂದವರು ಜಗುಲಿ ಏರುವ ಮೊದಲೇ ‘ಆಸರಿಗೆ ಎಂತ ಬೇಕು?’ ಎಂದು ಬಾಯಾರಿಕೆ ವಿಚಾರಿಸುತ್ತಾರೆ. ನೀರೊಂದನ್ನೇ ತಂದಿಟ್ಟರೆ ಮರ್ಯಾದೆ ಅಲ್ಲ, ಜತೆಗೆ ಬೆಲ್ಲ ಇರಬೇಕು. ಅಂಥ ಮನೆಯಲ್ಲಿ ಹುಟ್ಟಿದವಳ ಕೈಗೆ ಉಪವಾಸ ಕೆಡವುವ ಕೆಲಸ ಕೊಟ್ಟಿದ್ದೆ. ಅವಳು ಯೀಸ್ಟನ್ನೂ ನೆಂಟರ ಹಾಗೆ ನಡೆಸಿಕೊಂಡಿದ್ದಳು.

ಅವಳಿಗೆ ನಗು ಬರಲಿಲ್ಲ. ‘ನಾನೇ ಅರ್ಧ ಮದ್ದು ಹಾಳು ಮಾಡ್ದೆ ಮೇಡಂ’ ಎಂದಳು. ಕಣ್ಣು ತುಂಬಿತ್ತು. ಇನ್ನು ಉಳಿದದ್ದು ಒಂದೇ ಸಲಕ್ಕಾಗುವಷ್ಟು. ಅದೂ ಕೈಕೊಟ್ಟರೆ ಅವಳ ವರದಿಯಲ್ಲಿ ‘ಕಾಣಲಿಲ್ಲ’ ಎಂದು ಬರೆಯಬಹುದು, ಅದರಿಂದ ಅವಳೇನೂ ಮುಳುಗುವುದಿಲ್ಲ, ಮುಂದೆ ಅವಳಿಗೆ ಎಷ್ಟೋ ಪ್ರಯೋಗಾಲಯಗಳಿವೆ. ನನಗೆ ಮಾತ್ರ ಇದೇ ಕಡೆಯದು. ಅದನ್ನು ಅವಳಿಗೆ ಹೇಳಲಿಲ್ಲ. ಗ್ಲೂಕೋಸು ತರಿಸುತ್ತೇನೆ, ಮುಂದಿನ ವಾರ ಮಾಡುವಾ ಎಂದೆ.

ಮನೆಯಲ್ಲಿ ಆಗ ನನಗೆ ಬೇರೆಯೇ ಫಜೀತಿ ನಡೆಯುತ್ತಿತ್ತು. ನನ್ನ ಅವ್ವ ನನ್ನ ಜತೆಗೇ ಇದ್ದಾಳೆ. ಯಲ್ಲಾಪುರ ತಾಲ್ಲೂಕಿನ ಕಿರವತ್ತಿಯವಳು. ಹೆದ್ದಾರಿ ಪಕ್ಕದ ಊರಿನ ಗಟ್ಟಿ ದನಿ, ಬಯಲುಸೀಮೆ ಕಡೆಗೆ ವಾಲಿದ ಮಾತು. ಶಿರಸಿಗೆ ಬಂದು ಇಷ್ಟು ವರ್ಷವಾದರೂ ಎರಡೂ ಕರಗಿಲ್ಲ. ಆ ತಿಂಗಳು ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡು ಬಲಗೈಗೆ ಪ್ಲಾಸ್ಟರು ಹಾಕಿಸಿಕೊಂಡು ಕೂತಿದ್ದಳು. ನೋವಿಗಿಂತ ಹೆಚ್ಚು, ಸುಮ್ಮನೆ ಕೂರಬೇಕಲ್ಲ ಎಂಬ ಸಿಟ್ಟು.

ಅವ್ವ ಎದ್ದು ಓಡಾಡುತ್ತಿದ್ದಾಗ ನಮ್ಮ ಮನೆಯಲ್ಲಿ ಕಸ ಎಂಬುದೇ ಇರಲಿಲ್ಲ ಎಂದು ಆಗ ಗೊತ್ತಾಯಿತು. ಹೀರೇಕಾಯಿ ಮಾಡಿದರೆ ಸಿಪ್ಪೆ ಮರುದಿನ ಚಟ್ನಿಯಾಗಿ ಎಲೆಗೆ ಬರುತ್ತಿತ್ತು. ಉಳಿದ ಅನ್ನ ಸಂಜೆ ಒಗ್ಗರಣೆಯಾಗುತ್ತಿತ್ತು, ಇಲ್ಲವೇ ಅರೆದು ಹಪ್ಪಳ. ಹರಿದ ಸೀರೆ ಮೊದಲು ಕೌದಿಯ ಪದರ, ಕೌದಿ ಹರಿದರೆ ಕಾಲೊರೆಸುವುದು, ಅದೂ ಹೋದರೆ ಒಲೆ ಒರೆಸುವ ಮಸಿಬಟ್ಟೆ. ನಾನು ಸಂಬಳ ತರುತ್ತೇನೆ, ಮನೆ ನಡೆಯುತ್ತದೆ ಎಂದುಕೊಂಡಿದ್ದೆ. ಅವ್ವನ ಕೈ ನಿಂತ ವಾರದೊಳಗೆ ಅಡುಗೆಮನೆ ಮೂಲೆಯಲ್ಲಿ ಸಿಪ್ಪೆಯ ಬುಟ್ಟಿ ತುಂಬಿತು. ಫ್ರಿಜ್ಜಿನಲ್ಲಿ ಡಬ್ಬಿಯ ಮೇಲೆ ಡಬ್ಬಿ, ಯಾವುದರಲ್ಲಿ ಏನಿದೆ ಎಂದು ದೇವರಿಗೇ ಗೊತ್ತು. ಹಳೆ ಬಟ್ಟೆಯ ಗಂಟು ಕುರ್ಚಿ ಮೇಲೆ ಕೂತು, ಕೂರಲು ಬಂದವರನ್ನು ಎಬ್ಬಿಸುತ್ತಿತ್ತು.

ಮೊದಲ ಪ್ರಯೋಗ ಕೆಟ್ಟ ಸಂಜೆ ಅವ್ವನಿಗೆ ಬೆಲ್ಲದ ಕತೆ ಹೇಳಿದೆ. ನಗುನಗುತ್ತ ಪ್ಲಾಸ್ಟರು ಕೈ ಹಿಡಿದುಕೊಂಡಳು.

‘ಹುಡುಗಿ ಚಲೋ ಆದಾಳ. ಹಸಿದವರಿಗೆ ಬೆಲ್ಲಾ ಹಾಕಿದ್ದು ತಪ್ಪೇನ?’

‘ಹಸಿದರೇ ಕೆಲಸ ಆಗುದವ್ವ ಅಲ್ಲಿ.’

‘ಹಂಗಾರ ನನ್ನ ಏಕಾದಶಿ?’ ಪಕ್ಕದ ಮನೆಯವರು ಮೊಬೈಲಿನಲ್ಲಿ ಓದಿ ಹೇಳಿದ್ದರಂತೆ. ಏಕಾದಶಿ ಮಾಡಿದರೆ ಮೈಯೊಳಗಿನ ಕಸವೆಲ್ಲ ಆಟೋಫೇಜಿಯಾಗಿ ಹೋಗುತ್ತದೆ, ವಿಜ್ಞಾನಿಗಳೇ ಒಪ್ಪಿದ್ದಾರೆ ಎಂದು. ‘ಖರೇ ಏನ?’

ನಾನು ಸ್ವಲ್ಪ ಯೋಚಿಸಿ ಹೇಳಿದೆ. ಉಪವಾಸವಿದ್ದರೂ ಇಲ್ಲದಿದ್ದರೂ ನಮ್ಮ ಕೋಶಗಳಲ್ಲಿ ಈ ಕೆಲಸ ಸಣ್ಣದಾಗಿ ದಿನಾ ನಡೆಯುತ್ತಲೇ ಇರುತ್ತದೆ, ಕೆಟ್ಟುಹೋದ ಭಾಗಗಳನ್ನು ಅವು ಹೀಗೇ ತೆಗೆಯುತ್ತವೆ. ಊಟ ನಿಂತಾಗ ಅದು ಜೋರಾಗುತ್ತದೆ ಎಂಬುದೂ ಹೌದು, ಇಲಿಯಲ್ಲಿ ನೋಡಿದ್ದಾರೆ. ಆದರೆ ಮನುಷ್ಯರು ಇಷ್ಟು ಹೊತ್ತು ಉಂಡಿಲ್ಲವೆಂದರೆ ಇಷ್ಟು ಕಸ ಹೋಯಿತು ಎಂದು ಲೆಕ್ಕ ಹೇಳುವಷ್ಟು ಯಾರಿಗೂ ಗೊತ್ತಿಲ್ಲ. ಹಾಗೆ ಹೇಳುವವರನ್ನು ನಂಬಬೇಡ.

‘ಮತ್ತ ನಿನ್ನ ಏಕಾದಶಿಯಲ್ಲಿ ಉಪ್ಪಿಟ್ಟು, ಬಾಳೆಹಣ್ಣು, ಹಾಲು, ಅವಲಕ್ಕಿ ಎಲ್ಲಾ ಇರ್ತದ. ಆ ಜೋನಿಬೆಲ್ಲದ ಕತೆನೇ ಅದು’ ಎಂದು ಸೇರಿಸಿದೆ.

‘ನಾ ಕಸಾ ಹೋಗಲಿ ಅಂತ ಮಾಡೂದಿಲ್ಲ, ದೇವರಿಗೆ ಅಂತ ಮಾಡ್ತೀನಿ’ ಎಂದು ಮಾತು ಮುಗಿಸಿದಳು.

ಎರಡನೇ ಸಲ ನಾನು ರಜೆ ಹಾಕಿ ಪ್ರಯೋಗಾಲಯದಲ್ಲೇ ಕೂತೆ. ಹೊಸ ಗ್ಲೂಕೋಸಿನ ಬಾಟಲಿಯ ಮುಚ್ಚಳವನ್ನು ಹುಡುಗಿ ನನ್ನ ಮುಂದೆಯೇ ತೆರೆದಳು. ಯೀಸ್ಟನ್ನು ಒಂದು ಸಲ ತೊಳೆದು, ಅಲ್ಲಿಗೆ ಬಿಡದೆ ಇನ್ನೊಂದು ಸಲ ತೊಳೆದಳು, ಹಳೆಯ ಊಟದ ವಾಸನೆಯೂ ಉಳಿಯಬಾರದೆಂದು. ಮೂರು ಸೀಸೆ ಮಾಡಿದೆವು. ಒಂದರಲ್ಲಿ ಹೊಟ್ಟೆತುಂಬ ಊಟ, ಜತೆಗೆ ಮದ್ದು. ಇನ್ನೊಂದರಲ್ಲಿ ಸಾರಜನಕವಿಲ್ಲದ ಉಪವಾಸ, ಮದ್ದಿಲ್ಲ. ಮೂರನೆಯದರಲ್ಲಿ ಉಪವಾಸವೂ ಇದೆ, ಮದ್ದೂ ಇದೆ. ನಾವು ನೋಡಬೇಕಾದದ್ದು ಮೂರನೆಯದರಲ್ಲಿ. ಉಳಿದೆರಡು ಹೋಲಿಸಿ ನೋಡಲು.

ಆ ಬೆಳಿಗ್ಗೆ ಕಳೆಯುವುದೇ ಕಷ್ಟವಾಯಿತು. ಪ್ರಯೋಗಾಲಯದವರು ತೊಳೆದ ಗಾಜನ್ನೇ ಮತ್ತೆ ತೊಳೆದರು. ಹುಡುಗಿ ಮನೆಗೆ ಫೋನು ಮಾಡಿ, ‘ಆಯಿ, ಆನು ಇವತ್ತು ಸಂಜೆ ಬಸ್ಸಿಗೇ ಬಪ್ಪದು, ಕಾಯಡ’ ಎಂದಳು. ಊಟದ ಡಬ್ಬಿ ತೆಗೆದವಳು ಮುಚ್ಚಿಟ್ಟಳು. ‘ಅವು ಉಪವಾಸ ಇರುವಾಗ ನೀನು ಉಂಡರೆ ಅವಕ್ಕೇನೂ ಬೇಜಾರಿಲ್ಲ’ ಎಂದೆ. ಆಗ ನಾವು ಮೂವರೂ ಮೇಜಿನ ಕೊನೆಯಲ್ಲಿ ಕೂತು ಉಂಡೆವು. ಅವಳ ಡಬ್ಬಿಯಲ್ಲಿ ದೋಸೆ, ಮೂಲೆಯಲ್ಲಿ ಅದೇ ಜೋನಿಬೆಲ್ಲ. ಅದನ್ನೂ ಹಂಚಿಕೊಂಡು ತಿಂದೆವು.

ಮಧ್ಯಾಹ್ನದ ಮೇಲೆ ಮೊದಲ ಸೀಸೆಯ ಹನಿ ನೋಡಿದೆವು. ಮೊಗ್ಗುಗಳ ಜಾತ್ರೆ, ರಸದಾನಿ ಖಾಲಿ. ಊಟ ಇದ್ದಾಗ ಒಳಗಿನದಕ್ಕೆ ಕೈ ಹಾಕುವ ಪ್ರಮೇಯವೇ ಇಲ್ಲ. ಎರಡನೆಯದರಲ್ಲಿ ಮೊಗ್ಗು ಹೆಚ್ಚುಕಡಿಮೆ ನಿಂತಿತ್ತು. ರಸದಾನಿ ದೊಡ್ಡದಾಗಿತ್ತು, ಆದರೆ ಅದೂ ತಿಳಿ. ಮದ್ದಿಲ್ಲದ ಕಾರಣ ಬಿದ್ದದ್ದೆಲ್ಲ ಕರಗಿ ಬಳಕೆಯಾಗಿ ಹೋಗಿತ್ತು. ಮೂರನೆಯ ಹನಿಯನ್ನು ಹುಡುಗಿ ಗಾಜಿನ ಮೇಲಿಟ್ಟು, ಮೇಲಿನ ತೆಳುಗಾಜು ಮುಚ್ಚಿ, ಎಣ್ಣೆಯ ತೊಟ್ಟು ಹಾಕಿ, ಹಿಂದೆ ಸರಿದಳು.

‘ನೀವು ಮೊದ್ಲು ನೋಡಿ ಮೇಡಂ.’

‘ನಿನ್ನ ಪ್ರಯೋಗ, ನೀನು ನೋಡು.’

‘ಇಲ್ಲೆ. ನೀವೇ ನೋಡಿ.’

ಅವಳ ದನಿ ಕೇಳಿದಾಗ ತಿಳಿಯಿತು, ಇದನ್ನು ನೋಡುವ ಆಸೆ ನನಗೆಷ್ಟಿದೆ ಎಂದು ಹುಡುಗಿಗೆ ಗೊತ್ತಿದೆ. ತರಗತಿಯಲ್ಲಿ ತಾನು ಪ್ರಶ್ನೆ ಕೇಳಿದ ದಿನದಿಂದಲೇ ಗೊತ್ತಿದೆ. ನಾನು ಕನ್ನಡಕ ತೆಗೆದು ಕಣ್ಣಿಟ್ಟೆ.

ಮೊದಲು ಏನೂ ಕಾಣಲಿಲ್ಲ. ಬೂದು ಬೆಳಕು. ತಿರುಪನ್ನು ಕೂದಲೆಳೆಯಷ್ಟು ಸರಿಸಿದೆ. ಒಂದು ಕೋಶ ಸ್ಪಷ್ಟವಾಯಿತು. ಅದರ ಮಧ್ಯೆ ರಸದಾನಿ. ಅದರ ಒಳಗೆ ಸಣ್ಣ ಸಣ್ಣ ದುಂಡು ಕಾಳುಗಳು. ಒಂದಲ್ಲ, ಎರಡಲ್ಲ, ಒಳಗೆಲ್ಲ ತುಂಬಿದ್ದವು. ಕುದಿಯುವ ನೀರಲ್ಲಿ ಹಾಕಿದ ಸಾಬಕ್ಕಿಯಂತೆ ಗಡಗಡ ಅಲುಗಾಡುತ್ತಿದ್ದವು. ಪಕ್ಕದ ಕೋಶದಲ್ಲೂ ಅದೇ. ಅದರಾಚೆಯದರಲ್ಲೂ ಅದೇ. ಸುತ್ತಿ ತಂದು ಹಾಕಿದ ಗಂಟುಗಳೆಲ್ಲ ಕರಗಿಸುವವರ ಕೈ ಕಟ್ಟಿದ್ದರಿಂದ ಹಾಗೆಯೇ ರಾಶಿ ಬಿದ್ದಿದ್ದವು.

ನನಗೆ ಏಕೋ ನಮ್ಮ ಅಡುಗೆಮನೆಯ ಮೂಲೆ ಕಣ್ಣಿಗೆ ಬಂತು. ಸಿಪ್ಪೆಯ ಬುಟ್ಟಿ, ಡಬ್ಬಿಗಳು, ಕುರ್ಚಿಯ ಮೇಲಿನ ಬಟ್ಟೆಗಂಟು. ಅವ್ವನ ಕೈ ಆಡುತ್ತಿದ್ದಷ್ಟು ಕಾಲ ಅವಳು ಮಾಡುವುದು ನನಗೆ ಕಂಡಿರಲಿಲ್ಲ. ಎರಡನೇ ಸೀಸೆಯ ತಿಳಿ ರಸದಾನಿಯಂತೆ ಎಲ್ಲ ಚೊಕ್ಕವಾಗಿತ್ತು, ನಾನು ಖಾಲಿ ಎಂದುಕೊಂಡಿದ್ದೆ. ಕಣ್ಣು ಮಂಜಾಯಿತು. ಲೆನ್ಸಿಗೆ ನೀರು ತಾಗಿದರೆ ಪ್ರಾಂಶುಪಾಲರು ಬಿಡುವುದಿಲ್ಲ ಎಂದು ಎದ್ದೆ.

‘ಕಂಡ್ತಾ ಮೇಡಂ?’

‘ಕಂಡ್ತು’ ಎಂದೆ. ಆಮೇಲೆ ಹುಡುಗಿ ಕೂತಳು. ಕೂತವಳು ಏಳಲಿಲ್ಲ. ‘ಕುಣೀತಾ ಇದ್ದು, ಕುಣೀತಾ ಇದ್ದು’ ಎಂದು ತನ್ನಷ್ಟಕ್ಕೇ ಹೇಳುತ್ತಿದ್ದಳು. ಪ್ರಯೋಗಾಲಯದವರನ್ನು ಕರೆದೆ. ಇಷ್ಟು ವರ್ಷ ಸೂಕ್ಷ್ಮದರ್ಶಕ ಒರೆಸಿದವರು ಅದರೊಳಗೆ ನೋಡಿದ್ದೇ ಕಡಿಮೆ. ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿ, ‘ಹಸಿವಾದ್ರೆ ಇಷ್ಟೆಲ್ಲ ಮಾಡ್ತಾವಾ ಇವು. ಹಿಂಗೇ ಎಷ್ಟು ದಿನ ಬದುಕ್ತಾವೆ?’ ಎಂದು ಕೇಳಿದರು.

ಒಳ್ಳೆಯ ಪ್ರಶ್ನೆ. ಸದಾಕಾಲ ಅಲ್ಲ, ಎಂದೆ. ಮನೆಯ ಸಾಮಾನು ಮುರಿದು ಒಲೆಗೆ ಹಾಕಿ ಎಷ್ಟು ದಿನ ಅಡುಗೆ ಮಾಡಬಹುದು. ಆದರೆ ಕೆಟ್ಟ ದಿನ ದಾಟಿಸಲು ಅದು ಬೇಕು. ಈ ಕೆಲಸ ಮಾಡಲಾಗದಂತೆ ಕೆಟ್ಟಿರುವ ಯೀಸ್ಟನ್ನು ಹೀಗೆ ಉಪವಾಸ ಕೆಡವಿದರೆ, ಅದು ಉಳಿದವಕ್ಕಿಂತ ಬೇಗ ಸಾಯುತ್ತದೆ. ತನ್ನದನ್ನೇ ತಾನು ತಿನ್ನುವುದು ಸಾಯಲಿಕ್ಕಲ್ಲ, ಬದುಕಲಿಕ್ಕೆ.

ಹುಡುಗಿ ಚಿತ್ರ ತೆಗೆದುಕೊಂಡಳು, ಬರೆದುಕೊಂಡಳು. ಮದ್ದು ಹಾಕಿದ ಸೀಸೆಗಳನ್ನು ನಾನೇ ಎಚ್ಚರದಿಂದ ವಿಲೇವಾರಿಗೆ ತೆಗೆದಿಟ್ಟೆ. ಉಪವಾಸದ ಎರಡನೇ ಸೀಸೆ, ಮದ್ದಿಲ್ಲದ್ದು, ಹಾಗೇ ಇತ್ತು. ಅವಳು ಅದನ್ನು ಎತ್ತಿ ಬೆಳಕಿಗೆ ಹಿಡಿದು, ಸಂಕೋಚದಿಂದ ಕೇಳಿದಳು.

‘ಇವಕ್ಕೆ ಈಗ ಆಸರಿಗೆ ಕೊಡ್ಲಕ್ಕ ಮೇಡಂ?’

‘ಕೊಡು. ಎರಡು ಪಟ್ಟೇ ಕೊಡು’ ಎಂದೆ.

ಪೆಪ್ಟೋನು ಹಾಕಿ, ಡಬ್ಬಿಯ ತಳದಲ್ಲಿ ಉಳಿದ ಜೋನಿಬೆಲ್ಲವನ್ನೂ ಬಳಿದು ಹಾಕಿದಳು. ಮರುದಿನ ಬೆಳಿಗ್ಗೆ ನೋಡಿದಾಗ ಸೀಸೆ ದಟ್ಟವಾಗಿ ಕಲಕಿಕೊಂಡಿತ್ತು. ಒಂದು ಹನಿ ನೋಡಿದರೆ ಕೋಶಕ್ಕೊಂದು ಮೊಗ್ಗು.

ಪ್ರಯೋಗದ ದಿನ ಸಂಜೆ ಮನೆಗೆ ಹೋದವಳು ಚಪ್ಪಲಿ ಬಿಟ್ಟು ಸೀದಾ ಅಡುಗೆಮನೆಗೆ ಹೋದೆ. ಅವ್ವ ಹಿಂದೆಯೇ ಬಂದಳು.

‘ಕಂಡ್ತೇನ?’

‘ಕಂಡ್ತವ್ವ. ಹೀರೇಕಾಯಿ ಸಿಪ್ಪೆ ಚಟ್ನಿಗೆ ಮೊದಲ ಏನ ಹುರೀಬೇಕು?’

ಅವ್ವ ನನ್ನ ಮುಖವನ್ನು ಅನುಮಾನದಿಂದ ನೋಡಿದಳು. ಇಷ್ಟು ವರ್ಷದಲ್ಲಿ ನಾನು ಆ ಪ್ರಶ್ನೆ ಕೇಳಿರಲಿಲ್ಲ. ಪ್ಲಾಸ್ಟರಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು ಮಣೆಯ ಮೇಲೆ ಕೂತು, ‘ಎಳ್ಳು ಮೊದಲ. ಉರಿ ಸಣ್ಣ ಮಾಡು. ಹಂಗಲ್ಲ, ಇನ್ನೂ ಸಣ್ಣ’ ಎಂದು ಶುರುಮಾಡಿದಳು. ಚಟ್ನಿ ಸ್ವಲ್ಪ ಸೀದಿತು. ಅವ್ವ ಎರಡು ಸಲ ಹಾಕಿಸಿಕೊಂಡಳು.

ನಿವೃತ್ತಿಗೆ ಕೆಲವು ದಿನ ಉಳಿದಾಗ, ಬೇರೆ ತರಗತಿಗೆ ಅದೇ ಪಾಠ ಮಾಡುವ ಸರದಿ ಬಂತು. ದೊಡ್ಡ ಸುತ್ತು ಬರೆದೆ, ಒಳಗಿನ ಸುತ್ತು ಬರೆದೆ, ಹಳದಿ ಅರ್ಧಚಂದ್ರ ಬರೆದೆ. ಆಮೇಲೆ ಹೊಸದಾಗಿ, ರಸದಾನಿಯ ಒಳಗೆ ದುಂಡು ಕಾಳುಗಳನ್ನು ಒತ್ತೊತ್ತಾಗಿ ಬರೆದು, ಕೈ ಒರೆಸಿಕೊಂಡು, ‘ಪ್ರಶ್ನೆ ಇದ್ದರೆ ಕೇಳಿ’ ಎಂದೆ. ಈ ಸಲ ಕೇಳಲಿ ಎಂದು ಆಸೆಯಿಂದಲೇ ಕಾದೆ. ಯಾರೂ ಏಳಲಿಲ್ಲ. ಕೊನೆಗೆ ಹಿಂದಿನ ಬೆಂಚಿನ ಹುಡುಗ ಎದ್ದು, ‘ಮೇಡಂ, ಇದು ಪರೀಕ್ಷೆಗೆ ಬರ್ತದಾ?’ ಎಂದ.

‘ಬರ್ತದೆ’ ಎಂದೆ. ‘ಮತ್ತೆ, ನೀವು ಯಾರೂ ಕೇಳಲಿಲ್ಲ. ನಾನು ಇದನ್ನ ನೋಡಿದ್ದೇನೆ.’